ಒಂದೇ ವೇಗ, ಎರಡು ಸ್ಟಾಪ್‌ವಾಚ್

ಅಕ್ಕಪಕ್ಕದ ಹಳಿಗಳ ಮೇಲೆ ಎರಡು ರೈಲುಗಳು ಎದುರುಬದುರಾಗಿ ಬರುತ್ತಿವೆ. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ತಂಗಿ, ಇಬ್ಬರ ಕೈಯಲ್ಲೂ ಸ್ಟಾಪ್‌ವಾಚ್. ಎದುರಿನ ರೈಲಿನ ಎಂಜಿನ್ ತನ್ನ ಕಿಟಕಿಗೆ ಬಂದ ಕ್ಷಣ ಗುಂಡಿ ಒತ್ತಬೇಕು, ಕೊನೆಯ ಬೋಗಿ ದಾಟಿದ ಕೂಡಲೇ ನಿಲ್ಲಿಸಬೇಕು. ಆಮೇಲೆ ಹೋಲಿಸಿದರೆ ಅಣ್ಣನದು 12 ಸೆಕೆಂಡು, ತಂಗಿಯದು 8.

ಅಣ್ಣನಿಗೆ ತಂಗಿಯ ರೈಲು ಎಷ್ಟು ವೇಗವಾಗಿ ಕಾಣುತ್ತದೋ, ತಂಗಿಗೆ ಅಣ್ಣನ ರೈಲೂ ಅಷ್ಟೇ ವೇಗವಾಗಿ ಕಾಣುತ್ತದೆ. ದಿಕ್ಕು ಮಾತ್ರ ತಿರುಗುಮುರುಗು. ಸಾಪೇಕ್ಷ ವೇಗದ ಮೊದಲ ಪಾಠವೇ ಅದು. ಹಾಗಿದ್ದರೆ ಈ 4 ಸೆಕೆಂಡು ಎಲ್ಲಿಂದ ಬಂತು?

ಲೆಕ್ಕ ಹಾಕೋಣ. ಅಣ್ಣನ ರೈಲಿನ ವೇಗ ಗಂಟೆಗೆ 72 ಕಿಲೋಮೀಟರ್, ಉದ್ದ 280 ಮೀಟರ್. ತಂಗಿಯ ರೈಲಿನ ವೇಗ 54 ಕಿಲೋಮೀಟರ್, ಉದ್ದ 420 ಮೀಟರ್. ಉದ್ದ ಮೀಟರಿನಲ್ಲಿರುವಾಗ ವೇಗವನ್ನು ಗಂಟೆ-ಕಿಲೋಮೀಟರಿನಲ್ಲೇ ಬಿಟ್ಟು ಭಾಗಿಸಿದರೆ ಉತ್ತರ ಅರ್ಥವಿಲ್ಲದ್ದಾಗುತ್ತದೆ. ಆದ್ದರಿಂದ ಮೊದಲು 5/18ರಿಂದ ಗುಣಿಸಿಕೊಳ್ಳಬೇಕು. ಆಗ ಒಂದರ ವೇಗ ಸೆಕೆಂಡಿಗೆ 20 ಮೀಟರ್, ಇನ್ನೊಂದರದು 15.

ಅಣ್ಣನ ಪಾಲಿಗೆ ತನ್ನ ಸೀಟು, ತನ್ನ ಕಿಟಕಿ ಎಲ್ಲ ನಿಂತೇ ಇವೆ. ಎದುರಿನ ರೈಲು ಮಾತ್ರ ಸೆಕೆಂಡಿಗೆ 20 + 15, ಅಂದರೆ 35 ಮೀಟರಿನಂತೆ ನುಗ್ಗಿ ಬರುತ್ತದೆ. ಅವನ ಕಿಟಕಿಯನ್ನು ದಾಟಬೇಕಾದದ್ದು ಆ ರೈಲಿನ 420 ಮೀಟರ್ ಉದ್ದ. 420ನ್ನು 35ರಿಂದ ಭಾಗಿಸಿದರೆ 12 ಸೆಕೆಂಡು. ತಂಗಿಯ ಕಿಟಕಿಯ ಮುಂದೆ ಅದೇ 35 ಮೀಟರ್ ವೇಗದಲ್ಲಿ ಹಾದುಹೋಗುವುದು 280 ಮೀಟರ್ ಮಾತ್ರ, ಹಾಗಾಗಿ 8 ಸೆಕೆಂಡು. ಇಬ್ಬರ ವಾಚೂ ಸರಿಯಾಗಿಯೇ ಇದೆ. ಉದ್ದದ ರೈಲಿನಲ್ಲಿ ಕೂತವರಿಗೇ ಬೇಗ ಮುಗಿಯುತ್ತದೆ, ಏಕೆಂದರೆ ಅವರು ನೋಡುವುದು ಗಿಡ್ಡ ರೈಲನ್ನು.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎರಡೂ ಉದ್ದ ಕೂಡಿಸಿ 700 ಮಾಡಿ, 35ರಿಂದ ಭಾಗಿಸಿ, 20 ಸೆಕೆಂಡು ಎಂದು ಬರೆದುಬಿಡುತ್ತಾರೆ. ಆ 20 ಸೆಕೆಂಡು ಸುಳ್ಳಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ: ಎರಡು ಎಂಜಿನ್‌ಗಳು ಸಂಧಿಸಿದಾಗಿನಿಂದ ಎರಡು ಬಾಲಗಳು ಬೇರ್ಪಡುವವರೆಗಿನ ಒಟ್ಟು ಸಮಯ. ಕಿಟಕಿಯ ಬಳಿ ಕೂತವನಿಗೆ ಉದ್ದವಿಲ್ಲ, ಅವನೊಂದು ಬಿಂದು. ಅವನು ಮೊದಲ ಬೋಗಿಯ ತುದಿಯಲ್ಲಿದ್ದರೆ ಅವನ 12 ಸೆಕೆಂಡು ಸೊನ್ನೆಯಿಂದ ಶುರುವಾಗುತ್ತದೆ. ಕಟ್ಟಕಡೆಯಲ್ಲಿದ್ದರೆ 8ನೇ ಸೆಕೆಂಡಿಗೆ ಶುರುವಾಗಿ 20ಕ್ಕೆ ಮುಗಿಯುತ್ತದೆ. ಸೀಟು ಬದಲಿಸಿದರೆ ಶುರುವಾಗುವ ಹೊತ್ತು ಬದಲಾದೀತು, ಅವಧಿಯಲ್ಲ.

ಈಗ ಎರಡೂ ರೈಲು ಒಂದೇ ದಿಕ್ಕಿಗೆ ಓಡಲಿ, ಅಣ್ಣನ ರೈಲು ಹಿಂದಿನಿಂದ ಬಂದು ತಂಗಿಯದನ್ನು ದಾಟಲಿ. ಸಾಪೇಕ್ಷ ವೇಗ 20 − 15, ಸೆಕೆಂಡಿಗೆ ಬರೀ 5 ಮೀಟರ್. ಅಣ್ಣನಿಗೆ 84 ಸೆಕೆಂಡು, ತಂಗಿಗೆ 56. ಸಂಖ್ಯೆಗಿಂತ ಸ್ವಾರಸ್ಯವಿರುವುದು ದೃಶ್ಯದಲ್ಲಿ. ಅಣ್ಣನಿಗೆ ಮೊದಲು ಕಾಣುವುದು ತಂಗಿಯ ರೈಲಿನ ಕೊನೆಯ ಬೋಗಿ, ಕೊನೆಗೆ ಕಾಣುವುದು ಎಂಜಿನ್. ಇಡೀ ರೈಲನ್ನು ಯಾರೋ ಬಾಲ ಹಿಡಿದು ಹಿಂದಕ್ಕೆ ಎಳೆಯುತ್ತಿರುವಂತೆ ಕಿಟಕಿಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ತಂಗಿಗೆ ಮಾತ್ರ ಎಂಜಿನ್ನೇ ಮೊದಲು, ಬೋಗಿಗಳು ಅದರ ಹಿಂದೆ, ನಿಧಾನವಾಗಿ ಮುಂದಕ್ಕೆ ಹೋಗುತ್ತವೆ.

ತಂಗಿಯ ರೈಲು ನಿಜಕ್ಕೂ ಹಿಂದೆ ಹೋಗುತ್ತಿಲ್ಲವೆಂದು ಅಣ್ಣ ತಿಳಿಯುವುದು ಹೇಗೆ? ಎರಡು ಬೋಗಿಗಳ ನಡುವಿನ ಸಂದಿಯಲ್ಲಿ ಇಣುಕಿದರೆ ಸಾಕು. ಆಚೆಯ ನೆಲ ಸೆಕೆಂಡಿಗೆ 20 ಮೀಟರಿನಂತೆ ಹಿಂದಕ್ಕೆ ಓಡುತ್ತಿರುತ್ತದೆ, ಬೋಗಿ ಬರೀ 5 ಮೀಟರಿನಂತೆ. ನೆಲದಷ್ಟು ಬೇಗ ಹಿಂದೆ ಬೀಳುತ್ತಿಲ್ಲ ಎಂದಮೇಲೆ ಅದು ನೆಲದ ಮೇಲೆ ಮುಂದಕ್ಕೇ ಓಡುತ್ತಿರಬೇಕು, ಸೆಕೆಂಡಿಗೆ 15 ಮೀಟರಿನಂತೆ. ಹಳಿಯ ಪಕ್ಕ ನಿಂತವರ ಲೆಕ್ಕವೂ ತಾಳೆಯಾಗುತ್ತದೆ: ಆ 84 ಸೆಕೆಂಡಿನಲ್ಲಿ ಅಣ್ಣ ಸಾಗಿದ್ದು 1680 ಮೀಟರ್, ತಂಗಿಯ ರೈಲು 1260. ವ್ಯತ್ಯಾಸ 420, ಸರಿಯಾಗಿ ಆ ರೈಲಿನ ಉದ್ದ.

ಇದೆಲ್ಲ ಎರಡೂ ರೈಲುಗಳ ವೇಗ ಸ್ಥಿರವಾಗಿದ್ದಾಗ. ನಡುವೆ ಒಂದು ಬ್ರೇಕ್ ಹಾಕಿದರೆ ಉದ್ದವನ್ನು ಒಂದೇ ವೇಗದಿಂದ ಭಾಗಿಸುವ ಹಾಗಿಲ್ಲ. ಸಮಾನತೆಯೂ ಒಡೆಯುತ್ತದೆ: ಕಿಟಕಿಯಾಚೆಯ ನೋಟ ಇಬ್ಬರಿಗೂ ಒಟ್ಟಿಗೇ ಬದಲಾದರೂ, ಮುಂದಕ್ಕೆ ವಾಲುವುದು ಬ್ರೇಕ್ ಹಾಕಿದ ರೈಲಿನಲ್ಲಿದ್ದವರು ಮಾತ್ರ. ನಮ್ಮ ಒಳಗಿವಿಗೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ. ಅದೂ ತೀರಾ ಮೆಲ್ಲಗಾದರೆ ತಿಳಿಯುವುದಿಲ್ಲ. ನಿಲ್ದಾಣದಲ್ಲಿ ಪಕ್ಕದ ರೈಲು ನಯವಾಗಿ ಹೊರಟಾಗ ನಮ್ಮದೇ ಹೊರಟಿತೆಂದು ಬೇಸ್ತು ಬೀಳುವುದು ಅದಕ್ಕೇ. ಕಣ್ಣಿಗೆ ಸಿಗುವುದು ಸಾಪೇಕ್ಷ ವೇಗವೊಂದೇ, ಕಿವಿ ಸುಮ್ಮನಿರುತ್ತದೆ. ನಾನಂತೂ ಈಗಲೂ ಆಚೆ ಬದಿಯ ಕಿಟಕಿಗೆ ತಿರುಗಿ, ಪ್ಲಾಟ್‌ಫಾರ್ಮಿನ ಕಂಬ ಇದ್ದಲ್ಲೇ ಇದೆಯಾ ಎಂದು ನೋಡಿಕೊಳ್ಳುತ್ತೇನೆ.