ಎಫ್‌ಆರ್‌ಎ ಲೆಕ್ಕ: ದುಡ್ಡು ಯಾವ ದಿನ ಕೈಸೇರುತ್ತದೆ ಅನ್ನೋದೇ ಮುಖ್ಯ

ಮುಂದೆ ತೆಗೆದುಕೊಳ್ಳುವ ಸಾಲದ ಬಡ್ಡಿ ದರವನ್ನು ಇವತ್ತೇ ನಿಗದಿ ಮಾಡಿಕೊಳ್ಳುವ ಒಪ್ಪಂದವೇ ಫಾರ್ವರ್ಡ್ ರೇಟ್ ಅಗ್ರಿಮೆಂಟ್, ಚಿಕ್ಕದಾಗಿ ಎಫ್‌ಆರ್‌ಎ. ಅದರ ಸೂತ್ರವನ್ನು ನಾನು ಮೊದಲು ಬಾಯಿಪಾಠ ಮಾಡಿದ್ದೆ. ಪ್ರತಿ ಸಲವೂ ಉತ್ತರ ಕೊಂಚ ತಪ್ಪುತ್ತಿತ್ತು. ಆಮೇಲೆ ಗೊತ್ತಾಯಿತು, ಕೈಕೊಟ್ಟಿದ್ದು ಸೂತ್ರವಲ್ಲ, ತಾರೀಖು. ಹಾಗಾಗಿ ಮೊದಲು ಒಂದು ಗೆರೆ ಎಳೆದು ಮೂರು ದಿನ ಗುರುತು ಮಾಡಿ: ಇವತ್ತು, 91ನೇ ದಿನ, 182ನೇ ದಿನ.

ಒಂದು ಕಂಪನಿಗೆ 3 ತಿಂಗಳ ನಂತರ ₹10 ಕೋಟಿ ಸಾಲ ಬೇಕು, ಅದೂ 3 ತಿಂಗಳಿಗೆ. ಅಷ್ಟರಲ್ಲಿ ಬಡ್ಡಿ ಏರಿದರೆ ಅನ್ನೋ ಭಯ. ಅದಕ್ಕೆ ಬ್ಯಾಂಕಿನ ಜೊತೆ 3×6 ಎಫ್‌ಆರ್‌ಎ ಮಾಡಿಕೊಳ್ಳುತ್ತದೆ. 3ನೇ ತಿಂಗಳಿಗೆ ಶುರು, 6ನೇ ತಿಂಗಳಿಗೆ ಮುಗಿಯುತ್ತದೆ ಎಂದು ಇದರ ಅರ್ಥ. ‘ಮೂರರಿಂದ ಆರು ತಿಂಗಳ ಸಾಲ’ ಅಂತ ಓದಿಕೊಳ್ಳಬೇಡಿ. ಈ ₹10 ಕೋಟಿ ಕೈ ಬದಲಾಗುವುದೇ ಇಲ್ಲ, ಲೆಕ್ಕಕ್ಕೆ ಮಾತ್ರ. ಕೈ ಬದಲಾಗುವುದು ನಿಗದಿ ದರಕ್ಕೂ ಸಾಲ ಶುರುವಾಗುವ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸದ ಬಡ್ಡಿ. ಭಾರತದಲ್ಲಿ ಎಫ್‌ಆರ್‌ಎಗೆ ರಿಸರ್ವ್ ಬ್ಯಾಂಕ್ 1999ರಲ್ಲಿ ಅನುಮತಿ ಕೊಟ್ಟಿತು. ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 365 ದಿನ, ಡಾಲರ್‌ನಲ್ಲಿ 360. ಕೆಳಗಿನ ದರಗಳೆಲ್ಲ ಉದಾಹರಣೆಗೆ ನಾನು ಇಟ್ಟುಕೊಂಡವು.

ಇವತ್ತಿನ ಸ್ಪಾಟ್ ದರ, ಅಂದರೆ ಇವತ್ತೇ ಶುರುವಾಗುವ ಸಾಲದ ದರ, 91 ದಿನಕ್ಕೆ 6.60%, 182 ದಿನಕ್ಕೆ 6.80% ಇರಲಿ. ನಡುವಿನ 91 ದಿನಕ್ಕೆ ಎಷ್ಟು? ಸರಾಸರಿ 6.80 ಬರಬೇಕಾದರೆ 7.00% ಇರಬೇಕಲ್ವಾ ಅನ್ನಿಸುತ್ತದೆ. ಇಲ್ಲೇ ಎಡವುವುದು. ಮೊದಲ 91 ದಿನದ ಬಡ್ಡಿಯೂ ಎರಡನೇ ಅವಧಿಯಲ್ಲಿ ಬಡ್ಡಿ ದುಡಿಯುತ್ತದೆ. ಹಾಗಾಗಿ 7.00ಕ್ಕಿಂತ ಕಡಿಮೆ ದರ ಸಾಕು.

```
1 + 0.066 × 91/365  = 1.016455
1 + 0.068 × 182/365 = 1.033907
(1.033907 / 1.016455 − 1) × 365/91 = 6.887%
```

ಇದೇ ಫಾರ್ವರ್ಡ್ ದರ. ಈ ದರದಲ್ಲಿ ಒಪ್ಪಂದ ಮಾಡಿದರೆ ಮೊದಲ ದಿನ ಅದರ ಬೆಲೆ ಸೊನ್ನೆ. ನಮ್ಮ ಕಂಪನಿ 6.89%ಗೆ ಒಪ್ಪಿತು ಅಂದುಕೊಳ್ಳಿ. ನಿಗದಿ ದರ ಕಟ್ಟುವುದು ಕಂಪನಿ, ಅದೇ ಕೊಳ್ಳುವವರ ಕಡೆ. ಬಡ್ಡಿ ಏರಿದರೆ ಅದಕ್ಕೆ ಲಾಭ.

31 ದಿನ ಕಳೆಯಿತು. ಶುರುವಾಗಲು 60 ದಿನ, ಮುಗಿಯಲು 151 ದಿನ ಬಾಕಿ. ಈಗ 60 ದಿನದ ದರ 6.70%, 151 ದಿನದ್ದು 7.00%. ಹಳೆಯ 91, 182 ದಿನದ ದರಗಳನ್ನು ಮರೆತುಬಿಡಿ, ಇನ್ನು ಅವು ಬೇಡ. ಅದೇ ದಾರಿಯಲ್ಲಿ ಹೊಸ ಫಾರ್ವರ್ಡ್ ದರ 7.119% ಬರುತ್ತದೆ. ಅಂದರೆ ಇವತ್ತು ಹೊಸದಾಗಿ ಒಪ್ಪಂದ ಮಾಡುವವರು 7.119% ಕಟ್ಟಬೇಕು, ನಮ್ಮ ಕಂಪನಿ 6.89% ಮಾತ್ರ. ಆ ವ್ಯತ್ಯಾಸದ 91 ದಿನದ ಬಡ್ಡಿ ₹57,191. ಆದರೆ ಅದು ಸಾಲ ಮುಗಿಯುವ ದಿನದ ದುಡ್ಡು. ಅದನ್ನು ಇವತ್ತಿಗೆ ತರಲು 151 ದಿನ ಹಿಂದಕ್ಕೆ ಎಳೆಯಬೇಕು:

```
57,191 / (1 + 0.07 × 151/365) = 55,581
```

ಬೆಲೆ ₹55,581, ಕಂಪನಿಯ ಕಡೆಗೆ. ಬ್ಯಾಂಕಿಗೆ ಅಷ್ಟೇ ನಷ್ಟ. ದುಡ್ಡು ಸಿಗುವುದು ಇನ್ನು 60 ದಿನಕ್ಕೆ, ಸಾಲ ಶುರುವಾಗುವ ದಿನ ತಾನೇ, 60 ದಿನ ಮಾತ್ರ ಡಿಸ್ಕೌಂಟ್ ಮಾಡಿದರೆ ಸಾಲದೇ? ಸಾಲದು. ಆ ದಿನ ಸಿಗುವುದು ಪೂರ್ತಿ ₹57,191 ಅಲ್ಲ, ಆಗಲೇ 91 ದಿನದ ಬಡ್ಡಿ ಕಳೆದ ಮೊತ್ತ.

ಅದೇ ಕೊನೆಯ ಹೆಜ್ಜೆ. ಸಾಲ ಶುರುವಾಗುವ ದಿನ ಬಂತು, 91 ದಿನದ ಮಾರುಕಟ್ಟೆ ದರ 7.25% ಎಂದು ಗೊತ್ತಾಯಿತು. ಸಾಮಾನ್ಯವಾಗಿ ಬಡ್ಡಿ ಕಟ್ಟುವುದು ಸಾಲದ ಕೊನೆಗೆ. ಎಫ್‌ಆರ್‌ಎ ಮಾತ್ರ ಶುರುವಿನಲ್ಲೇ ಚುಕ್ತಾ ಆಗುತ್ತದೆ. ಮುಂಚೆ ಕೊಡುವುದರಿಂದ ಅಷ್ಟು ಕಡಿಮೆ.

```
1,00,00,000 × 10 × (0.0725 − 0.0689) × 91/365 = 89,753
89,753 / (1 + 0.0725 × 91/365) = 88,160
```

ಬ್ಯಾಂಕು ಕಂಪನಿಗೆ ₹88,160 ಕೊಡುತ್ತದೆ. ಭಾಗಿಸುವುದು 7.25%ರಿಂದ, 6.89%ರಿಂದಲ್ಲ, ಕಂಪನಿ ಆ ದುಡ್ಡನ್ನು ಇಡುವುದು ಆ ದಿನದ ದರದಲ್ಲಿ ತಾನೇ. ನಾನು ಪರೀಕ್ಷೆಯಲ್ಲಿ ಈ ಭಾಗಾಕಾರವನ್ನೇ ಬಿಟ್ಟು ₹89,753 ಬರೆದು ಬಂದಿದ್ದೆ!

ಉತ್ತರ ಸರಿಯಿದೆಯೋ ಇಲ್ಲವೋ ಹೀಗೆ ನೋಡಿ. ₹88,160 ಅನ್ನು 7.25%ಗೆ 91 ದಿನ ಇಟ್ಟರೆ ₹89,753 ಆಗುತ್ತದೆ. 7.25%ಗೆ ತಂದ ಸಾಲದ ಬಡ್ಡಿ ₹18,07,534. ಅದರಲ್ಲಿ ಇದನ್ನು ಕಳೆದರೆ ₹17,17,781 ಉಳಿಯುತ್ತದೆ. ₹10 ಕೋಟಿಗೆ 91 ದಿನಕ್ಕೆ ಇದು ಸರಿಯಾಗಿ 6.89%. ಆದರೆ ಕಂಪನಿಗೆ ಸಾಲ ಸಿಕ್ಕಿದ್ದು 7.25%ಕ್ಕಿಂತ ಜಾಸ್ತಿ ದರಕ್ಕಾದರೆ ಆ ಹೆಚ್ಚುವರಿಯನ್ನು ಎಫ್‌ಆರ್‌ಎ ತುಂಬಿಕೊಡುವುದಿಲ್ಲ.

ಅವಧಿಯ ಶುರುವಿನಲ್ಲೇ ದರ ಗೊತ್ತಿದ್ದರೆ ಮಾತ್ರ ಹೀಗೆ ಮುಂಚೆ ಚುಕ್ತಾ ಮಾಡಬಹುದು. ಬ್ಯಾಂಕುಗಳ ನಡುವಿನ ಸಾಲದ ದರವಾಗಿದ್ದ ಡಾಲರ್ ಲೈಬೋರ್‌ನಲ್ಲಿ ಅದು ಗೊತ್ತಿರುತ್ತಿತ್ತು. ಬ್ಯಾಂಕುಗಳು ಕೊಡುವ ದರಗಳಿಂದ ಅದನ್ನು ಲೆಕ್ಕ ಹಾಕುವುದು 2023ರ ಜೂನ್ 30ಕ್ಕೆ ನಿಂತಿತು. ಅದರ ಜಾಗಕ್ಕೆ ಬಂದ ಸೋಫರ್ ಒಂದು ದಿನದ ದರ. ಅದನ್ನು ದಿನದಿನ ಕೂಡಿಸುತ್ತ ಹೋದರೆ 3 ತಿಂಗಳ ದರ ತಿಳಿಯುವುದು ಅವಧಿ ಮುಗಿದ ಮೇಲೆಯೇ. ಆಗ ಮೇಲಿನ ಕೊನೆಯ ಭಾಗಾಕಾರಕ್ಕೆ ಕೆಲಸವೇ ಇರುವುದಿಲ್ಲ.