ಹುಲ್ಲು ತೆಗೆದಿದ್ದಕ್ಕೇ ಐಡಿ ಬ್ಯಾನ್ ಆಗುತ್ತಾ?

ಪ್ರಶ್ನೆ: ಬಿಜಿಎಂಐ ಶೂಟಿಂಗ್ ಗೇಮಿನಲ್ಲಿ ನಾನು, ಗುರಿಯನ್ನು ತಾನೇ ಹಿಡಿದುಕೊಡುವ ಏಮ್‌ಬಾಟ್ ಬಳಸಿಲ್ಲ. ಗೆಳೆಯ ಕೊಟ್ಟ ‘ನೋ ಗ್ರಾಸ್’ ಫೈಲನ್ನು ಗೇಮ್ ಫೋಲ್ಡರಿಗೆ ಹಾಕಿದ್ದೆ, ಅಷ್ಟೇ. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಐಡಿ ಬ್ಯಾನ್ ಆಯ್ತು. ಯಾಕೆ?

ಉತ್ತರ: ಪರದೆಯ ಮೇಲೆ ಹುಲ್ಲಿನ ಚಿತ್ರ ಬಿಡಿಸುವುದು ನಿಮ್ಮ ಫೋನು, ಸರ್ವರ್ ಅಲ್ಲ. ಎದುರಾಳಿ ಹುಲ್ಲಿನಲ್ಲಿ ಮಲಗಿದ್ದಾನೆ ಅಂದುಕೊಳ್ಳಿ. ಅವನು ಎಲ್ಲಿದ್ದಾನೆ ಅಂತ ಸರ್ವರ್ ನಿಮ್ಮ ಫೋನಿಗೆ ಹೇಳುತ್ತದೆ. ಫೋನು ಅವನನ್ನೂ, ಅವನ ಸುತ್ತ ಹುಲ್ಲನ್ನೂ ಬಿಡಿಸುತ್ತದೆ. ಫೈಲ್ ಬದಲಾಯಿಸಿ ಹುಲ್ಲು ತೆಗೆದರೆ ಅವನು ಬಯಲಲ್ಲಿ ಬಿದ್ದಿರುತ್ತಾನೆ. ಅವನ ಪರದೆಯಲ್ಲಿ ಮಾತ್ರ ಹುಲ್ಲು ಇನ್ನೂ ಇದೆ, ತಾನು ಅಡಗಿದ್ದೇನೆ ಅಂತಲೇ ನಂಬಿದ್ದಾನೆ. ಇದು ಚಿಕ್ಕ ಮೋಸವಲ್ಲ.

ಕಾಣದವನ ಜಾಗವನ್ನು ಸರ್ವರ್ ಹೇಳದೇ ಇದ್ದರಾಯ್ತು ಅಲ್ವಾ? ಅದು ಅಷ್ಟು ಸುಲಭವಲ್ಲ. ಗೋಡೆ ಹಿಂದಿನಿಂದ ಒಬ್ಬ ಹೊರಬಂದ ಕ್ಷಣವೇ ಅವನು ನಿಮಗೆ ಕಾಣಬೇಕು. ಆಗ ಕೇಳಿ ತರಿಸಿಕೊಳ್ಳಲು ನೆಟ್‌ವರ್ಕ್ ತಡ ಮಾಡುತ್ತದೆ. ಹಾಗಾಗಿ ಹತ್ತಿರದ ಆಟಗಾರರ ಮಾಹಿತಿ ಮೊದಲೇ ಫೋನಿಗೆ ಬಂದಿರುತ್ತದೆ. ಗೋಡೆ ಹಿಂದಿನವರನ್ನೂ ತೋರಿಸುವ ವಾಲ್‌ಹ್ಯಾಕ್ ಕದಿಯುವುದೂ ಇದನ್ನೇ. ಆಟ ನ್ಯಾಯವಾಗಿ ನಡೆಯಬೇಕೆಂದರೆ ಫೋನಿನಲ್ಲಿರುವ ಗೇಮ್ ಫೈಲುಗಳನ್ನು ಕಂಪನಿ ಕಾಯಲೇಬೇಕು.

ಕಾಯುವ ಒಂದು ದಾರಿ ಹ್ಯಾಶ್. ಪ್ರತಿ ಫೈಲಿನಿಂದ ಲೆಕ್ಕಹಾಕಿ ತೆಗೆದ ಒಂದು ಗುರುತು ಅದು, ಬೆರಳಚ್ಚಿನ ಹಾಗೆ. ಫೈಲಿನಲ್ಲಿ ಒಂದೇ ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಫೈಲ್ ಬದಲಾಗಿದೆ ಅಂತ ಅದು ತಿಳಿಸುತ್ತದೆ. ಬದಲಾಯಿಸಿದವರ ಉದ್ದೇಶ ಅದರಿಂದ ಗೊತ್ತಾಗುವುದಿಲ್ಲ.

ಮಾಡ್ ಎಪಿಕೆ, ಅಂದರೆ ಯಾರೋ ತಿದ್ದಿದ ಆ್ಯಪ್, ಸಿಕ್ಕಿಬೀಳುವುದು ಇನ್ನೂ ಸುಲಭ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಆ್ಯಪ್ ಬಿಚ್ಚಿ ತಿದ್ದಿದವರ ಹತ್ತಿರ ಆ ಸಹಿಯ ಕೀಲಿ ಇರುವುದಿಲ್ಲ, ಬೇರೆ ಸಹಿ ಹಾಕಲೇಬೇಕು. ಅಸಲಿ ಗೇಮ್ ಇರುವಾಗ ಅದರ ಮೇಲೆ ಅದೇ ಹೆಸರಿನ ಮಾಡ್ ಹಾಕಹೋದರೆ `App not installed` ಅಂತ ಬರುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಅಂಥ ಆ್ಯಪ್‌ನಲ್ಲಿ ಲಾಗಿನ್ ಆದರೆ ನಿಮ್ಮ ಪಾಸ್‌ವರ್ಡನ್ನೂ ಅಪರಿಚಿತರ ಕೈಗೆ ಕೊಟ್ಟ ಹಾಗಾಗಬಹುದು. ಬ್ಯಾನ್‌ಗಿಂತ ನನಗೆ ಈ ಭಯವೇ ಜಾಸ್ತಿ.

ಇನ್ನು ಆ ‘ಕೆಲವು ದಿನ’. ಸಿಕ್ಕಿಬಿದ್ದ ತಕ್ಷಣ ಬ್ಯಾನ್ ಮಾಡಿದರೆ ಯಾವ ತಪಾಸಣೆ ಹಿಡಿಯಿತು ಅಂತ ಹ್ಯಾಕ್ ಮಾಡುವವರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಗೇಮ್ ಕಂಪನಿಗಳು ಬಹಳ ಸಲ ಗುರುತು ಹಾಕಿಟ್ಟುಕೊಂಡು, ಆಮೇಲೆ ಒಟ್ಟಿಗೇ ಬ್ಯಾನ್ ಮಾಡುತ್ತವೆ. ಗೆಳೆಯನಿಗೆ ಇನ್ನೂ ಏನೂ ಆಗಿಲ್ಲ ಅಂದರೆ ಅವನ ಫೈಲ್ ಸೇಫ್ ಅಂತ ಅರ್ಥವಲ್ಲ.

ಗೇಮ್ ತೆಗೆದು ಮತ್ತೆ ಹಾಕಿದರೂ ಬ್ಯಾನ್ ಹೋಗುವುದಿಲ್ಲ. ಅದು ಇರುವುದು ಸರ್ವರ್‌ನಲ್ಲಿ, ನಿಮ್ಮ ಐಡಿ ಮೇಲೆ. 2021ರ ಡಿಸೆಂಬರ್‌ನಿಂದ ಬಿಜಿಎಂಐ ಫೋನುಗಳನ್ನೂ ಬ್ಯಾನ್ ಮಾಡುತ್ತಿದೆ. ಹಾಗಾದರೆ ಹೊಸ ಐಡಿಯೂ ಆ ಫೋನಿನಲ್ಲಿ ನಡೆಯುವುದಿಲ್ಲ. ಫೈಲ್ ಹಾಕಿ ಇನ್ನೂ ಲಾಗಿನ್ ಆಗಿಲ್ಲದವರು ಗೇಮ್ ತೆಗೆದು, `Android/data` ಮತ್ತು `Android/obb` ಒಳಗೆ ಅದರ ಫೋಲ್ಡರ್ ಉಳಿದಿದ್ದರೆ ಅಳಿಸಿ, ಪ್ಲೇ ಸ್ಟೋರ್‌ನಿಂದ ಹೊಸದಾಗಿ ಹಾಕಿಕೊಳ್ಳಿ.