ಈ ವರ್ಷ ನಿವೃತ್ತರಿಲ್ಲ ಎಂದ ಮಾತ್ರಕ್ಕೆ ಗ್ರಾಚ್ಯುಟಿ ಸೊನ್ನೆಯಲ್ಲ

ಶಾಲೆ ಕಾಲೇಜುಗಳ ಆಡಳಿತ ಮಂಡಳಿಗಳು ಆಯವ್ಯಯಕ್ಕೆ ಕುಳಿತಾಗ, ಗ್ರಾಚ್ಯುಟಿ ಸಾಲಿಗೆ ಬಂದೊಡನೆ ಒಂದೇ ಪ್ರಶ್ನೆ ಏಳುತ್ತದೆ: "ಈ ವರ್ಷ ನಿವೃತ್ತರಾಗುವವರು ಯಾರು?" ಯಾರೂ ಇಲ್ಲ ಎಂದರೆ ಆ ಸಾಲಿನಲ್ಲಿ ಸೊನ್ನೆ ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಲೆಕ್ಕಪರಿಶೋಧಕನಾಗಿ ನಾನು ಪ್ರತಿ ವರ್ಷ ತಡೆಯುವುದು ಈ ಸೊನ್ನೆಯನ್ನೇ. ಸಿಬ್ಬಂದಿ ದುಡಿದ ಪ್ರತಿ ವರ್ಷದ ಗ್ರಾಚ್ಯುಟಿಯೂ ಆ ವರ್ಷದ ಖರ್ಚು. ಪಾವತಿ ಮಾತ್ರ ತಡವಾಗಿ ಆಗುತ್ತದೆ.

ಸ್ವಲ್ಪ ತಿಳಿದವರು ಇನ್ನೊಂದು ತಪ್ಪು ಮಾಡುತ್ತಾರೆ. ವರ್ಷಕ್ಕೆ ಹದಿನೈದು ದಿನದ ವೇತನ ತಾನೇ, ವಾರ್ಷಿಕ ವೇತನದ ಶೇಕಡಾ 4.81 ತೆಗೆದಿಟ್ಟರೆ ಸಾಕು ಎನ್ನುತ್ತಾರೆ. ಸಾಲದು. ಅನುದಾನರಹಿತ ಶಾಲೆಯೊಂದರ ಗುಮಾಸ್ತರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇಪ್ಪತ್ತು ವರ್ಷದ ಸೇವೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000. ಇಪ್ಪತ್ತು ವರ್ಷಕ್ಕೆ ಮೂರು ಲಕ್ಷ. ಈಗ ವೇತನವನ್ನು ಶೇಕಡಾ 10ರಷ್ಟು ಏರಿಸಿ 28,600 ಮಾಡಿದಿರಿ ಎನ್ನಿ. ವರ್ಷಾಂತ್ಯಕ್ಕೆ ಇಪ್ಪತ್ತೊಂದು ವರ್ಷದ ಸೇವೆ, ವರ್ಷವೊಂದಕ್ಕೆ 16,500, ಒಟ್ಟು 3,46,500. ಒಂದೇ ವರ್ಷದಲ್ಲಿ ಹೊಣೆ 46,500 ರೂಪಾಯಿ ಬೆಳೆಯಿತು.

ಶೇಕಡಾ 4.81ರ ಲೆಕ್ಕ ನಿಮಗೆ ಕೊಡುವುದು 16,500 ಮಾತ್ರ. ಉಳಿದ 30,000 ಎಲ್ಲಿಂದ ಬಂತು? ಹಿಂದಿನ ಇಪ್ಪತ್ತು ವರ್ಷಗಳಿಂದ. ಗ್ರಾಚ್ಯುಟಿ ನಿಲ್ಲುವುದು ಕೊನೆಯ ವೇತನದ ಮೇಲೆ. ಆದ್ದರಿಂದ ಇಂದು ಕೊಟ್ಟ ಏರಿಕೆ ಕಳೆದುಹೋದ ಪ್ರತಿಯೊಂದು ವರ್ಷದ ಬೆಲೆಯನ್ನೂ 1,500 ರೂಪಾಯಿಯಷ್ಟು ಏರಿಸಿತು. ಹಳೆಯ ಸಿಬ್ಬಂದಿ ಹೆಚ್ಚಿರುವ ಸಂಸ್ಥೆಯಲ್ಲಿ ಹೊಸ ವರ್ಷದ ಪಾಲಿಗಿಂತ ಈ ಹಳೆಯ ಪಾಲೇ ದೊಡ್ಡದು. ವೇತನ ಪರಿಷ್ಕರಣೆಯ ನಿರ್ಣಯ ಮಾಡುವ ಸಭೆಯಲ್ಲೇ ಈ ಅಂಕಿಯೂ ಮೇಜಿನ ಮೇಲಿರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ ಹೆಚ್ಚುವರಿ ಭಾಗ ವೇತನಕ್ಕೇ ಸೇರುತ್ತದೆ. ಮೂಲವೇತನ ಕಡಿಮೆ ಇಟ್ಟು ಭತ್ಯೆ ಹೆಚ್ಚು ಕೊಡುತ್ತಿರುವ ಸಂಸ್ಥೆಗಳು ತಮ್ಮ ವೇತನಪಟ್ಟಿಯನ್ನು ಸಲಹೆಗಾರರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಆಯವ್ಯಯದ ಅಂಕಿ ಹೀಗೆ ಬರಬೇಕು: ಮುಂದಿನ ಮಾರ್ಚ್ 31ಕ್ಕೆ ಪರಿಷ್ಕೃತ ವೇತನದಲ್ಲಿ ಪ್ರತಿಯೊಬ್ಬರ ಹೊಣೆ, ಅದರಿಂದ ಈ ಮಾರ್ಚ್ 31ರ ಹೊಣೆಯನ್ನು ಕಳೆದದ್ದು. ವರ್ಷದ ನಡುವೆ ಯಾರಿಗಾದರೂ ಪಾವತಿಸುವುದಿದ್ದರೆ, ವರ್ಷಾಂತ್ಯದ ಹೊಣೆಯಲ್ಲಿ ಅವರು ಇರುವುದಿಲ್ಲವಾದ್ದರಿಂದ, ಆ ಮೊತ್ತವನ್ನು ಈ ವ್ಯತ್ಯಾಸಕ್ಕೆ ಕೂಡಿಸಿಕೊಳ್ಳಬೇಕು. ಪಾವತಿಯನ್ನು ಬೇರೆಯಾಗಿ ಮತ್ತೆ ಖರ್ಚೆಂದು ತೋರಿಸಬಾರದು. ಕೂಡಿಟ್ಟ ನಿಧಿಯಿಂದ ಕೊಡಬೇಕು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಬೇಕಾದ ಐದು ವರ್ಷದ ಸೇವೆ ತುಂಬದವರನ್ನೂ ಪೂರ್ತಿ ಬಿಡಬೇಡಿ. ಅವರಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬ ಅಂದಾಜಿನ ಮೇಲೆ ಸೇರಿಸಿ. ನಾನು ಹೇಳಿದ್ದು ಒರಟು ಲೆಕ್ಕ. ಸಿಬ್ಬಂದಿ ಹೆಚ್ಚಿದ್ದರೆ ವಿಮಾಗಣಕರ ಮೌಲ್ಯಮಾಪನವೇ ಸರಿ. ಅವರು ಬಡ್ಡಿ, ವೇತನ ಏರಿಕೆ, ಕೆಲಸ ಬಿಡುವವರ ಪ್ರಮಾಣ ಎಲ್ಲವನ್ನೂ ಹಿಡಿಯುತ್ತಾರೆ.

ರಜೆ ನಗದೀಕರಣವೂ ಹೀಗೆಯೇ ಬೆಳೆಯುತ್ತದೆ. ಅದೇ ಗುಮಾಸ್ತರ ಖಾತೆಯಲ್ಲಿ 180 ದಿನ ಗಳಿಕೆ ರಜೆ ಇದ್ದು, ನಿಮ್ಮ ಸೇವಾ ನಿಯಮ 30ರಿಂದ ಭಾಗಿಸುವುದಾದರೆ, 1,56,000 ಇದ್ದದ್ದು ಏರಿಕೆಯ ಮರುದಿನವೇ 1,71,600 ಆಗುತ್ತದೆ, ಒಂದು ದಿನದ ರಜೆಯೂ ಹೊಸದಾಗಿ ಸೇರದೆ. ಇಲ್ಲಿ ಕಷ್ಟ ಬೇರೆ: ರಜೆ ವಹಿ ಸರಿಯಿರುವುದಿಲ್ಲ. ಎಷ್ಟೋ ಕಡೆ ನಿವೃತ್ತಿಯ ತಿಂಗಳಲ್ಲಿ ಕುಳಿತು ಹಳೆಯ ಹಾಜರಿ ಪುಸ್ತಕಗಳಿಂದ ರಜೆ ಎಣಿಸುವುದನ್ನು ನೋಡಿದ್ದೇನೆ.

ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ ಎಂಬುದನ್ನೂ ಹೇಳಲೇಬೇಕು. ನನಗೆ ಗೊತ್ತಿರುವ ಒಂದು ವಿದ್ಯಾಸಂಸ್ಥೆ ವರ್ಷ ತಪ್ಪದೆ ಹೊಣೆಯನ್ನು ದಾಖಲಿಸುತ್ತಿತ್ತು, ಹಣ ಮಾತ್ರ ಹೊಸ ಕಟ್ಟಡಕ್ಕೆ ಹೋಗಿತ್ತು. ಒಂದೇ ಮೇ ತಿಂಗಳಲ್ಲಿ ನಾಲ್ವರು ಹಿರಿಯ ಶಿಕ್ಷಕರು ನಿವೃತ್ತರಾದರು. "ಸರ್, ಲೆಕ್ಕದಲ್ಲಿ ಇದೆಯಲ್ಲ?" ಎಂದು ಖಜಾಂಚಿಯವರು ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಹಾಗೆ ನಂಬಿದ್ದರು. ಇತ್ತು, ಹೊಣೆಯ ಬದಿಯಲ್ಲಿ. ಎದುರಿನ ಆಸ್ತಿಯ ಬದಿಯಲ್ಲಿ ಅದಕ್ಕೆಂದು ಒಂದು ಠೇವಣಿಯೂ ಇರಲಿಲ್ಲ. ಮೂವತ್ತು ದಿನದೊಳಗೆ ಕೊಡಬೇಕಾದದ್ದನ್ನು ಕಂತುಗಳಲ್ಲಿ ಕೊಟ್ಟು, ತಡಕ್ಕೆ ಶೇಕಡಾ 10ರ ಬಡ್ಡಿಯನ್ನೂ ಸೇರಿಸಿದರು. ಮೂರು ದಶಕ ಪಾಠ ಹೇಳಿದವರು ತಮ್ಮದೇ ಹಣಕ್ಕಾಗಿ ಕಚೇರಿಯ ಬೆಂಚಿನಲ್ಲಿ ಕಾದಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ದತ್ತಿ ಸಂಸ್ಥೆಗಳಿಗೆ ಇನ್ನೊಂದು ಕಾರಣವೂ ಇದೆ. ಆದಾಯ ತೆರಿಗೆ ವಿನಾಯಿತಿಗಾಗಿ ಆದಾಯದ ಶೇಕಡಾ 85ರಷ್ಟನ್ನು ದತ್ತಿ ಉದ್ದೇಶಕ್ಕೆ ಬಳಸಿದ್ದೇವೆ ಎಂದು ತೋರಿಸುವಾಗ, 2022ರ ತಿದ್ದುಪಡಿಯ ನಂತರ ನಿಜವಾಗಿ ಪಾವತಿಯಾದದ್ದನ್ನಷ್ಟೇ ಎಣಿಸುತ್ತಾರೆ. ಬರಿಯ ದಾಖಲೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಾನ್ಯತೆ ಪಡೆದ ಗ್ರಾಚ್ಯುಟಿ ನಿಧಿಗೆ, ಉದಾಹರಣೆಗೆ ಜೀವವಿಮಾ ನಿಗಮದ ಗುಂಪು ಯೋಜನೆಯ ಮೂಲಕ, ವರ್ಷ ವರ್ಷ ಹಣ ಕಟ್ಟುವುದು ಈ ದೃಷ್ಟಿಯಿಂದಲೂ ಮೇಲು. ನಿಮ್ಮ ಸಂಸ್ಥೆಯ ಮಟ್ಟಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮಾರ್ಚ್ ಮುಗಿಯುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರೊಡನೆ ಖಚಿತಪಡಿಸಿಕೊಳ್ಳಿ.